ಕೋವಿಡ್ ನಂತರ ಹಲ್ಲುನೋವೇ? ಸಕ್ಕರೆ ಕಾಯಿಲೆಯವರು ಗಮನಿಸಿ



2021ರಲ್ಲಿ ಕೋವಿಡ್‌ನಿಂದ ಗುಣವಾದ ಹಲವರನ್ನು ಕಪ್ಪು ಶಿಲೀಂಧ್ರ ಕಾಡಿದ್ದು ನಿಮಗೆ ನೆನಪಿರಬಹುದು. ಇದರ ಬೀಜಾಣುಗಳು ಕೊಳೆತ ಹುಲ್ಲು, ಗೊಬ್ಬರ, ಮಣ್ಣಿನಲ್ಲಿ ಸದಾ ಇರುತ್ತವೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸ್ಟೀರಾಯ್ಡ್ ಚಿಕಿತ್ಸೆಯಿಂದ ರಕ್ತದ ಸಕ್ಕರೆ ವಿಪರೀತ ಏರಿದವರ ಮೂಗಿನಲ್ಲಿ ಅವು ಬೇಗ ಬೇರೂರಬಹುದು.

ಆಸ್ಪತ್ರೆಯಿಂದ ಬಂದ ಕೆಲವು ವಾರಗಳಲ್ಲಿ ಒಂದೇ ಕಡೆ ಕೆನ್ನೆ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಇಲ್ಲವೇ ರಕ್ತ ಬೆರೆತ ಸಿಂಬಳ, ಮೇಲಿನ ಹಲ್ಲು ಅಲ್ಲಾಡುವುದು ಕಂಡರೆ ಹಲ್ಲು ಕೀಳಿಸಿ ಸುಮ್ಮನಾಗಬೇಡಿ. ಅಂದೇ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಈ ಶಿಲೀಂಧ್ರ ರಕ್ತನಾಳಗಳನ್ನೇ ಮುಚ್ಚಿಬಿಡುತ್ತದೆ. ರಕ್ತ ಹೋಗದ ಸತ್ತ ಭಾಗಕ್ಕೆ ಆಂಫೊಟೆರಿಸಿನ್ ಔಷಧವೂ ತಲುಪದು. ಅದನ್ನು ಕತ್ತರಿಸಿ ತೆಗೆಯಲೇಬೇಕು. ಬೇಗ ಬಂದರೆ ಮೂಗಿನ ಮೂಲಕವೇ ತೆಗೆಯಲು ಸಾಧ್ಯ. ರೆಪ್ಪೆ ಜೋತು, ಒಂದು ವಸ್ತು ಎರಡಾಗಿ ಕಾಣುವಷ್ಟು ತಡವಾದರೆ ಕಣ್ಣನ್ನೇ ತೆಗೆಯಬೇಕಾಗಬಹುದು.