ಜಾತ್ಯತೀತತೆ: ಎರಡು ಪ್ಯಾರಾದ ಉತ್ತರ

‘ಜಾತ್ಯತೀತತೆ ಎಂದರೇನು?’ ಸಮಾಜ ವಿಜ್ಞಾನದ ಈ ಪ್ರಶ್ನೆಗೆ ಮಕ್ಕಳು ಸಾಮಾನ್ಯವಾಗಿ ಎರಡು ಉತ್ತರ ಬರೆಯುತ್ತಾರೆ. ಒಂದು, ‘ಜಾತಿಭೇದ ಮಾಡದಿರುವುದು’. ಇನ್ನೊಂದು, ‘ಎಲ್ಲ ಧರ್ಮಗಳೂ ಒಂದೇ ಎಂದು ನಂಬುವುದು’. ಮೊದಲನೆಯ ತಪ್ಪಿಗೆ ಮಕ್ಕಳನ್ನು ದೂರುವಂತಿಲ್ಲ. ಜಾತಿ, ಅತೀತ ಎಂದು ಸಂಧಿ ಬಿಡಿಸಿದರೆ ಧರ್ಮದ ಸುಳಿವೇ ಅಲ್ಲಿ ಸಿಗುವುದಿಲ್ಲ. ‘ಧರ್ಮನಿರಪೇಕ್ಷತೆ’ ಎಂಬ ಪದ ಅರ್ಥಕ್ಕೆ ಹೆಚ್ಚು ಹತ್ತಿರ, ಆದರೆ ಪಠ್ಯಪುಸ್ತಕದಲ್ಲಿ, ಪತ್ರಿಕೆಯಲ್ಲಿ ರೂಢಿಯಾಗಿರುವುದು ಜಾತ್ಯತೀತತೆಯೇ. ಎರಡನೆಯ ತಪ್ಪನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದು ಒಳ್ಳೆಯ ಮಾತಿನಂತೆ ಕೇಳಿಸುತ್ತದೆ. ಎಲ್ಲ ಧರ್ಮವೂ ಒಂದೇ ಎನ್ನುವುದು ಒಬ್ಬರ ನಂಬಿಕೆ. ಹಾಗೆ ನಂಬದವರಿಗೂ, ಯಾವ ದೇವರನ್ನೂ ನಂಬದವರಿಗೂ ನಮ್ಮ ಸಂವಿಧಾನದಲ್ಲಿ ಅಷ್ಟೇ ಜಾಗವಿದೆ. ಜಾತ್ಯತೀತವಾಗಿ ಇರಬೇಕಾದ್ದು ಸರ್ಕಾರ. ಉತ್ತರದಲ್ಲಿ ‘ಸರ್ಕಾರ’ ಅಥವಾ ‘ರಾಜ್ಯವ್ಯವಸ್ಥೆ’ ಎಂಬ ಮಾತೇ ಬರದಿದ್ದರೆ ಅದು ಉತ್ತರವಾಗಿಲ್ಲ ಎಂದೇ ನನ್ನ ಎಣಿಕೆ.

ಇದನ್ನು ಮಕ್ಕಳಿಗೆ ಮನವರಿಕೆ ಮಾಡಿಸಲು ಒಂದು ಶಾಲೆಯ ಕಥೆಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕೇರಳದ ಒಂದು ಶಾಲೆಯಲ್ಲಿ ಮೂವರು ಒಡಹುಟ್ಟಿದ ಮಕ್ಕಳು ಓದುತ್ತಿದ್ದರು. ಅವರದು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥ. ತಮ್ಮ ದೇವರ ಪ್ರಾರ್ಥನೆಯನ್ನು ಬಿಟ್ಟು ಬೇರೆ ಯಾವ ವಿಧಿಯಲ್ಲೂ ಪಾಲ್ಗೊಳ್ಳಬಾರದು, ರಾಷ್ಟ್ರಗೀತೆ ಹಾಡುವುದೂ ಸಲ್ಲದು ಎಂದು ಅವರ ನಂಬಿಕೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ರಾಷ್ಟ್ರಗೀತೆ ಶುರುವಾದರೆ ಎಲ್ಲರ ಜೊತೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಶಾಸಕರೊಬ್ಬರು ಅದನ್ನು ಗಮನಿಸಿ ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ವಿಚಾರಣೆ ನಡೆಸಿದ ಆಯೋಗ, ಮಕ್ಕಳು ಗೀತೆಗೆ ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟಿತು. ಆದರೂ 1985ರ ಜುಲೈ 26ರಂದು, ಇಲಾಖೆಯ ಅಧಿಕಾರಿಯ ಸೂಚನೆಯಂತೆ, ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು.

ಕೇರಳ ಹೈಕೋರ್ಟು, ಗೀತೆಯ ಯಾವ ಪದವೂ ಯಾರ ಧರ್ಮಕ್ಕೂ ನೋವು ತರುವಂಥದ್ದಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟು 1986ರ ಆಗಸ್ಟ್ 11ರಂದು ಕೊಟ್ಟ ತೀರ್ಪು ಪ್ರಶ್ನೆಯನ್ನೇ ಬದಲಿಸಿತು. ಆ ನಂಬಿಕೆ ನಮಗೆ ಸರಿಯೆನಿಸುತ್ತದೆಯೇ ಎಂಬುದು ಮುಖ್ಯವಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ನಂಬುತ್ತಾರೆಯೇ ಎಂಬುದು ಮುಖ್ಯ ಎಂದಿತು. ಎದ್ದು ನಿಂತದ್ದೇ ಗೌರವ. ಹಾಡಲೇಬೇಕೆಂದು ಕಡ್ಡಾಯ ಮಾಡುವ ಕಾನೂನು ಇರಲಿಲ್ಲ, ಇದ್ದದ್ದು ಇಲಾಖೆಯ ಸುತ್ತೋಲೆ. ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲಾಗದು. ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಬೇಕೆಂದು ನ್ಯಾಯಾಲಯ ಆದೇಶಿಸಿತು.

ಇಷ್ಟು ತಿಳಿದ ಮೇಲೆ ಉತ್ತರವನ್ನು ಎರಡು ಪ್ಯಾರಾದಲ್ಲಿ ಹೀಗೆ ಬರೆಯಬಹುದು:

‘ಸರ್ಕಾರಕ್ಕೆ ತನ್ನದೇ ಆದ ಧರ್ಮ ಇಲ್ಲದಿರುವುದು ಮತ್ತು ಅದು ಧರ್ಮದ ಕಾರಣಕ್ಕೆ ಯಾರನ್ನೂ ಮೇಲು ಕೀಳಾಗಿ ಕಾಣದಿರುವುದೇ ಜಾತ್ಯತೀತತೆ. ಸಂವಿಧಾನದ 25ನೇ ವಿಧಿಯಂತೆ ಯಾವುದೇ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಆದರೆ ಸರ್ಕಾರ ಧರ್ಮದ ವಿಷಯದಲ್ಲಿ ಕೈಕಟ್ಟಿ ಕೂರಬೇಕೆಂದು ಇದರ ಅರ್ಥವಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಬಂದಾಗ ಅದು ತಡೆಯಬಹುದು. ಅಸ್ಪೃಶ್ಯತೆಯನ್ನು ಸಂವಿಧಾನವೇ ನಿಷೇಧಿಸಿದೆ.

‘ಉದಾಹರಣೆಗೆ, ರಾಷ್ಟ್ರಗೀತೆಗೆ ಎದ್ದು ನಿಂತರೂ ನಂಬಿಕೆಯ ಕಾರಣಕ್ಕೆ ಹಾಡದ ಮೂವರು ಮಕ್ಕಳನ್ನು ಕೇರಳದ ಶಾಲೆಯೊಂದು ಹೊರಹಾಕಿತ್ತು. ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 1986ರಲ್ಲಿ ಆದೇಶಿಸಿತು. ಬಹುಜನರಿಗೆ ವಿಚಿತ್ರವಾಗಿ ಕಾಣುವ ನಂಬಿಕೆಗೂ, ಅದು ಇತರರಿಗೆ ತೊಂದರೆ ಮಾಡದಿದ್ದರೆ, ರಕ್ಷಣೆ ಇದೆ ಎಂದು ಇದರಿಂದ ತಿಳಿಯುತ್ತದೆ.’

ಕೆಲವು ಮಕ್ಕಳು ಎರಡನೆಯ ಪ್ಯಾರಾದಲ್ಲಿ ತಮ್ಮ ಊರಿನ ಮಾತು ತರುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಹರಕೆ ಹೊರುತ್ತಾರೆ, ಹೆಜ್ಜೆ ಹಾಕುತ್ತಾರೆ. ಅದು ನೆರೆಹೊರೆಯವರು ತಾವಾಗಿ ಬೆಳೆಸಿಕೊಂಡ ಸೌಹಾರ್ದ, ನಾವು ಜೋಪಾನ ಮಾಡಬೇಕಾದ್ದು. ಆದರೆ ಅಲ್ಲಿ ಸರ್ಕಾರದ ಪಾತ್ರವೇ ಇಲ್ಲ. ಅದೇ ಊರಿನ ಸರ್ಕಾರಿ ಆಸ್ಪತ್ರೆ, ಪೊಲೀಸ್ ಠಾಣೆ, ಪಡಿತರ ಅಂಗಡಿಯಲ್ಲಿ ಯಾರ ಧರ್ಮವನ್ನೂ ನೋಡದೆ ಸರತಿಯಂತೆ ಕೆಲಸ ಆಗುತ್ತದೆಯೇ ಎಂದು ಮಗುವನ್ನು ಕೇಳಿ. ಅದು ಯೋಚಿಸಿ ಕೊಡುವ ಉತ್ತರವನ್ನೇ ಎರಡನೆಯ ಪ್ಯಾರಾದಲ್ಲಿ ಬರೆಯಲು ಬಿಡಿ.