ಕಂತೆ ಬಿಚ್ಚಿಸಿದ ಆಟ

ಕಂಪನಿ ಕಾರ್ಯಾಗಾರಗಳು ಮುಗಿಯುವ ಹೊತ್ತಿಗೆ ಎಲ್ಲರ ಕೈಗೂ ಒಂದು ಹಾಳೆ ಬರುತ್ತದೆ. ತರಬೇತಿ ಹೇಗಿತ್ತು, ಕಲಿಸಿದವರು ಹೇಗೆ ಮಾತಾಡಿದರು, ಊಟ ಚೆನ್ನಾಗಿತ್ತೇ, ಒಂದರಿಂದ ಐದರೊಳಗೆ ಅಂಕ ಕೊಡಿ. ಹೊರಗೆ ಕ್ಯಾಬ್ ಕಾಯುತ್ತಿರುವಾಗ ಯೋಚಿಸುವ ವ್ಯವಧಾನ ಯಾರಿಗಿದೆ? ಸಾಲಾಗಿ ನಾಲ್ಕು, ಐದು ಎಂದು ಗೀಚಿ, ಕೆಳಗೆ ‘ತುಂಬಾ ಉಪಯುಕ್ತವಾಗಿತ್ತು’ ಎಂದು ಬರೆದರೆ ಮುಗಿಯಿತು. ತರಬೇತಿ ವಲಯದವರೇ ಈ ಹಾಳೆಗೆ ‘ಹ್ಯಾಪಿ ಶೀಟ್’ ಎಂದು ಹೆಸರಿಟ್ಟು ನಗುತ್ತಾರೆ.

ನಗುವುದಕ್ಕೆ ಕಾರಣವಿದೆ. ತರಬೇತಿಯನ್ನು ಅಳೆಯುವ ನಾಲ್ಕು ಮಟ್ಟಗಳನ್ನು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ವಿವರಿಸಿದ್ದರು. ಬಂದವರಿಗೆ ಹಿಡಿಸಿತೇ ಎಂಬುದು ಮೊದಲನೆಯದು. ಏನಾದರೂ ಕಲಿತರೇ ಎಂಬುದು ಎರಡನೆಯದು. ತಮ್ಮ ಜಾಗಕ್ಕೆ ಮರಳಿದ ಮೇಲೆ ಕೆಲಸ ಮಾಡುವ ರೀತಿ ಬದಲಾಯಿತೇ ಎಂಬುದು ಮೂರನೆಯದು, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ ಎಂಬುದು ನಾಲ್ಕನೆಯದು. ಹ್ಯಾಪಿ ಶೀಟ್ ಮೊದಲ ಮಟ್ಟದಲ್ಲೇ ನಿಂತುಬಿಡುತ್ತದೆ. ಮೂರನೆಯ ಮಟ್ಟದ ಸುದ್ದಿ ಕಲಿಸಿದವರನ್ನು ಮುಟ್ಟುವುದೇ ಅಪರೂಪ, ಏಕೆಂದರೆ ಅಷ್ಟರಲ್ಲಿ ಅವರು ಬೇರೆ ಊರಿನ ಬೇರೆ ಹಾಲ್‌ನಲ್ಲಿ ನಿಂತಿರುತ್ತಾರೆ. ಹೀಗಾಗಿ ತಿಂಗಳುಗಳ ನಂತರ ಒಂದು ತಂಡ ‘ನೀವು ಆಡಿಸಿದ ಇಂಥ ಆಟದಿಂದ ನಮ್ಮಲ್ಲಿ ಇಂಥದ್ದು ಬದಲಾಗಿದೆ’ ಎಂದು ಹೆಸರು ಹಿಡಿದು ಬರೆದ ಪತ್ರಕ್ಕೆ ಐದು ಅಂಕದ ನೂರು ಹಾಳೆಗಳಿಗಿಂತ ಹೆಚ್ಚು ತೂಕ. ಅಂಥ ಪತ್ರಕ್ಕೆ ಯೋಗ್ಯವಾದ ಒಂದು ಆಟವೆಂದರೆ ನಾಣ್ಯ ತಿರುವುವ ಆಟ. ಲೀನ್ ಮತ್ತು ಅಜೈಲ್ ಪದ್ಧತಿಗಳನ್ನು ಕಲಿಸುವವರು ಇದನ್ನು ಬಹುಕಾಲದಿಂದ ಆಡಿಸುತ್ತ ಬಂದಿದ್ದಾರೆ.

ಬೇಕಾಗುವುದು ಒಂದು ಮೇಜು, ಒಂದೇ ಬಗೆಯ 20 ನಾಣ್ಯಗಳು, ಒಂಬತ್ತು ಜನ. ನಾಲ್ವರು ಕೆಲಸಗಾರರು ಸಾಲಾಗಿ ಕೂರುತ್ತಾರೆ. ಒಬ್ಬೊಬ್ಬರ ಹಿಂದೆಯೂ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಿಡಿದ ಒಬ್ಬ ‘ಮ್ಯಾನೇಜರ್’ ನಿಂತಿರುತ್ತಾರೆ. ಅವರ ಕೆಲಸ ತಮ್ಮ ಕೆಲಸಗಾರ ಮೊದಲ ನಾಣ್ಯ ಮುಟ್ಟಿದಾಗಿನಿಂದ ಕೊನೆಯದನ್ನು ತಿರುವುವವರೆಗಿನ ಸಮಯ ಅಳೆಯುವುದಷ್ಟೇ. ಮೇಜಿನ ಕೊನೆಯಲ್ಲಿರುವ ಒಂಬತ್ತನೆಯವರು ಗ್ರಾಹಕ. ಆಟ ಶುರುವಾದ ಮೇಲೆ ಮೊದಲ ನಾಣ್ಯ ತಮ್ಮ ಕೈಗೆ ಯಾವಾಗ ಬಂತು, ಕೊನೆಯದು ಯಾವಾಗ ಬಂತು ಎಂದು ಅವರು ಬರೆದುಕೊಳ್ಳುತ್ತಾರೆ. ಕೆಲಸವೂ ಸರಳ: ಎಡಗೈಯಿಂದ ಒಂದೊಂದೇ ನಾಣ್ಯ ತಿರುವಿ ಪಕ್ಕದವರಿಗೆ ದಾಟಿಸುವುದು. (ಎಡಗೈ ಯಾಕೆಂದರೆ ಎಲ್ಲರ ವೇಗವೂ ಹೆಚ್ಚುಕಡಿಮೆ ಒಂದೇ ಆಗಲಿ ಎಂದು. ಎಡಚರಿಗೆ ಬಲಗೈ.)

ಮೊದಲ ಸುತ್ತಿನಲ್ಲಿ ಇಪ್ಪತ್ತನ್ನೂ ತಿರುವಿ ಮುಗಿಸಿದ ಮೇಲೆಯೇ ಇಡೀ ರಾಶಿಯನ್ನು ಮುಂದಕ್ಕೆ ತಳ್ಳಬೇಕು. ಲೆಕ್ಕ ಸುಲಭವಾಗಲೆಂದು ಒಂದು ನಾಣ್ಯಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರಿಗೆ 20 ಸೆಕೆಂಡ್, ನಾಲ್ವರಿಂದ 80. ಗ್ರಾಹಕನಿಗೆ ಮೊದಲ ನಾಣ್ಯ ಸಿಗುವುದೂ 80ನೇ ಸೆಕೆಂಡಿನಲ್ಲಿ, ಕೊನೆಯದು ಸಿಗುವುದೂ ಆಗಲೇ. ಎರಡನೇ ಸುತ್ತಿನಲ್ಲಿ ಐದೈದರ ಕಂತೆ. ಈಗ ಮೊದಲ ಕಂತೆ 20ನೇ ಸೆಕೆಂಡಿಗೇ ಗ್ರಾಹಕನ ಕೈ ಸೇರುತ್ತದೆ, 35ನೇ ಸೆಕೆಂಡಿಗೆ ಆಟವೇ ಮುಗಿಯುತ್ತದೆ. ಮೂರನೆಯ ಸುತ್ತಿನಲ್ಲಿ ಕಂತೆಯೇ ಇಲ್ಲ, ತಿರುವಿದ ನಾಣ್ಯವನ್ನು ಆಗಿಂದಾಗಲೇ ದಾಟಿಸಬೇಕು. ಮೊದಲನೆಯದು 4ನೇ ಸೆಕೆಂಡಿಗೆ ಬರುತ್ತದೆ, ಕೊನೆಯದು 23ನೆಯದಕ್ಕೆ.

ಎಂಬತ್ತು ಎಲ್ಲಿ, ಇಪ್ಪತ್ತಮೂರು ಎಲ್ಲಿ! ಯಾರ ಕೈಯೂ ಚುರುಕಾಗಿಲ್ಲ, ಯಾರೂ ಹೆಚ್ಚು ದುಡಿದಿಲ್ಲ.

ಆದರೆ ಆಟದ ನಿಜವಾದ ಕುಟುಕು ಮ್ಯಾನೇಜರುಗಳ ಸ್ಟಾಪ್‌ವಾಚ್‌ಗಳಲ್ಲಿದೆ. ಒಂದೊಂದೇ ನಾಣ್ಯ ಕೊಡುವಾಗ, ಪಡೆಯುವಾಗ ಕೈ ತಡವರಿಸುತ್ತದೆ, ಪಕ್ಕದವರಿಗಾಗಿ ಅರೆಕ್ಷಣ ಕಾಯಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ 20 ಸೆಕೆಂಡಿಗೆ ಮುಗಿಸಿದವರು ಈಗ 25 ತೆಗೆದುಕೊಂಡರೆ ಅಚ್ಚರಿಯಿಲ್ಲ. ಗ್ರಾಹಕನ ಲೆಕ್ಕ 23ರ ಬದಲು 30 ಆಯಿತೆಂದೇ ಇಟ್ಟುಕೊಳ್ಳಿ. ಅದೂ 80ಕ್ಕಿಂತ ಎಷ್ಟೋ ವಾಸಿ. ಹಾಳೆ ನೋಡಿದ ಯಾರಾದರೊಬ್ಬರು ಆಗ ಕೇಳಿಯೇ ಕೇಳುತ್ತಾರೆ: ‘ಮೇಡಂ, ಒಬ್ಬೊಬ್ರದ್ದೂ ಟೈಮ್ ಜಾಸ್ತಿ ಆಗಿದೆ, ಕೆಲಸ ಮಾತ್ರ ಬೇಗ ಮುಗಿದಿದೆ. ಇದು ಹೇಗೆ?’ ಒಳ್ಳೆಯ ತರಬೇತುದಾರರು ಇಲ್ಲಿ ಬಾಯಿ ಬಿಡುವುದಿಲ್ಲ. ಉತ್ತರವನ್ನು ಆ ಮೇಜಿನವರೇ ಕಂಡುಕೊಳ್ಳುವವರೆಗೆ ಕಾಯುತ್ತಾರೆ. ಮೊದಲ ಸುತ್ತಿನಲ್ಲಿ ಒಬ್ಬರು ತಿರುವುವಾಗ ಉಳಿದ ಮೂವರು ಸುಮ್ಮನೆ ಕೂತಿದ್ದರು, ಮತ್ತು ಆ ಕಾಯುವಿಕೆ ಯಾವ ಮ್ಯಾನೇಜರ್‌ನ ಗಡಿಯಾರದಲ್ಲೂ ದಾಖಲಾಗಿರಲಿಲ್ಲ. ತಮ್ಮ ಕಚೇರಿಯ ತಿಂಗಳ ವರದಿಗಳೆಲ್ಲ ಯಾವ ಗಡಿಯಾರ ನೋಡಿ ಬರೆದವು ಎಂದು ಜನ ಯೋಚಿಸತೊಡಗುವುದು ಇಲ್ಲಿಂದ.

ಈ ಆಟವನ್ನು ಒಂದು ಲೆಕ್ಕಪತ್ರ ವಿಭಾಗಕ್ಕೆ ಅನ್ವಯಿಸಿ ನೋಡಬಹುದು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಎನ್ನೋಣ. ಬಿಡಿಭಾಗ ಒದಗಿಸುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಿಂದ ದಿನಕ್ಕೆ 40 ಬಿಲ್ ಬರುತ್ತವೆ. ಒಬ್ಬರು ಇನ್‌ವರ್ಡ್ ಮಾಡುತ್ತಾರೆ. ಇನ್ನೊಬ್ಬರು ಪರ್ಚೇಸ್ ಆರ್ಡರ್ ಮತ್ತು ಮಾಲು ಬಂದ ರಸೀದಿಯೊಂದಿಗೆ ತಾಳೆ ನೋಡುತ್ತಾರೆ. ಮೂರನೆಯವರು ಜಿಎಸ್‌ಟಿ, ಟಿಡಿಎಸ್ ಪರಿಶೀಲಿಸುತ್ತಾರೆ. ಆಮೇಲೆ ಮ್ಯಾನೇಜರ್ ಸಹಿ, ಕೊನೆಗೆ ಪಾವತಿ. ಎಲ್ಲರೂ ಕಂತೆಯಲ್ಲೇ ಕೆಲಸ ಮಾಡುವುದು: ಇನ್‌ವರ್ಡ್‌ನವರು ಎರಡು ದಿನದ್ದು ಸೇರಿಸಿ ಕೊಡುತ್ತಾರೆ, ತಾಳೆಯವರು ಬುಧವಾರ ಕೂತು ಒಟ್ಟಿಗೆ ಮುಗಿಸುತ್ತಾರೆ, ಸಹಿ ಶುಕ್ರವಾರ. ಒಂದು ಬಿಲ್‌ಗೆ ನಿಜವಾಗಿ ತಗಲುವ ಕೆಲಸ ಕೆಲವೇ ನಿಮಿಷ. ಉಳಿದದ್ದೆಲ್ಲ ಕಂತೆಯೊಳಗೆ ಮಲಗಿರುವ ಕಾಲ.

ಎಷ್ಟು ಕಾಲ ಎಂದು ತಿಳಿಯಲು ಪ್ರತಿ ಬಿಲ್‌ನ ಬೆನ್ನು ಹತ್ತಬೇಕಿಲ್ಲ. 1961ರಲ್ಲಿ ಜಾನ್ ಲಿಟ್ಲ್ ಎಂಬವರು ಸಾಬೀತುಪಡಿಸಿದ ಒಂದು ನಿಯಮ ಸಾಕು: ಮಧ್ಯದಲ್ಲಿ ನಿಂತಿರುವ ಕೆಲಸವನ್ನು ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ ಸರಾಸರಿ ಕಾಯುವ ದಿನಗಳು ಸಿಗುತ್ತವೆ. ಎಲ್ಲ ಮೇಜುಗಳ ಮೇಲೆ ಸೇರಿ 240 ಬಿಲ್ ಇದ್ದು, ದಿನಕ್ಕೆ 40 ಮುಗಿಯುತ್ತಿದ್ದರೆ ಆರು ದಿನ. ಕಂತೆ ಚಿಕ್ಕದಾಗಿ ಮಧ್ಯದಲ್ಲಿರುವುದು 80ಕ್ಕೆ ಇಳಿದರೆ ಎರಡೇ ದಿನ. ಆಗಲೂ ದಿನಕ್ಕೆ ಮುಗಿಯುವುದು ಅದೇ 40, ಕೂತಿರುವವರೂ ಅವರೇ. ಇದು ಸ್ಥಿರವಾಗಿ ನಡೆಯುವ ಕೆಲಸದ ಲೆಕ್ಕ, ತಿಂಗಳ ಕೊನೆಯ ನೂಕುನುಗ್ಗಲಿನಲ್ಲಿ ಒಂದು ದಿನದ ಅಂಕಿ ಹಿಡಿದು ನೋಡಿದರೆ ತಪ್ಪು ಚಿತ್ರ ಬರುತ್ತದೆ.

ಬಿಲ್ ಕಳಿಸಿದ ವರ್ಕ್‌ಶಾಪ್‌ನವನಿಗೆ ಈ ನಾಲ್ಕು ದಿನ ಸಣ್ಣದಲ್ಲ, ಅವನು ಆ ಹಣದಲ್ಲೇ ಸಂಬಳ ಕೊಡಬೇಕು. ಕಾರ್ಖಾನೆಗೂ ಸಣ್ಣದಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ಆದಾಯ ತೆರಿಗೆ ಕಾನೂನಿಗೆ 2023ರಲ್ಲಿ ಬಂದ ತಿದ್ದುಪಡಿಯಿಂದಾಗಿ, ಗಡುವು ಮೀರಿದ ಬಾಕಿಯನ್ನು ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಮಾರ್ಚ್ ಕೊನೆಯಲ್ಲಿ ಕಂತೆಯ ಅಡಿಯಲ್ಲಿ ಮರೆತುಹೋದ ಬಿಲ್ ತೆರಿಗೆಯ ರೂಪದಲ್ಲಿ ಮೇಲೆದ್ದು ಬರುತ್ತದೆ.

ಹಾಗೆಂದು ಎಲ್ಲೆಡೆ ಒಂದೊಂದೇ ಮಾಡುತ್ತೇವೆಂದು ಹೊರಟರೆ ಎಡವುವುದು ಖಚಿತ. ಎರಡು ದೋಸೆಗಾಗಿ ಯಾರೂ ಗ್ರೈಂಡರ್ ಹಚ್ಚುವುದಿಲ್ಲ. ಪಾವತಿಯ ಹಂತದಲ್ಲಿ ಬ್ಯಾಂಕಿನ ಪೋರ್ಟಲ್ ತೆರೆಯಬೇಕು, ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಒಪ್ಪಬೇಕು, ಒಟಿಪಿ ಬರಬೇಕು, ಖಾತೆಯಲ್ಲಿ ಎಷ್ಟಿದೆ ನೋಡಬೇಕು. ಇಷ್ಟನ್ನೆಲ್ಲ ಒಂದೊಂದು ಬಿಲ್‌ಗೂ ಮಾಡಿದರೆ ದಿನವೇ ಸಾಲದು. ಅಲ್ಲಿ ವಾರಕ್ಕೆ ಎರಡು ಕಂತೆ ಇರುವುದೇ ಸರಿ. ಇನ್‌ವರ್ಡ್‌ನಿಂದ ತಾಳೆಗೆ, ತಾಳೆಯಿಂದ ತೆರಿಗೆ ಪರಿಶೀಲನೆಗೆ ದಾಟಿಸಲು ಮಾತ್ರ ಅಂಥ ಖರ್ಚೇನೂ ಇಲ್ಲ. ಅಲ್ಲಿಯ ಕಂತೆಗಳು ಬರೀ ಅಭ್ಯಾಸದಿಂದ ಬೆಳೆದವು. ಯಾವ ಕಂತೆಗೆ ಕಾರಣವಿದೆ, ಯಾವುದಕ್ಕೆ ಇಲ್ಲ ಎಂದು ವಿಂಗಡಿಸುವುದೇ ಕಾರ್ಯಾಗಾರದ ನಂತರದ ಅರ್ಧ ಕೆಲಸ.

ಇನ್ನೊಂದು ಎಡವಟ್ಟು ಸಹಿಯ ಮೇಜಿನಲ್ಲಿ ಕಾದಿರುತ್ತದೆ. ಆಟದಲ್ಲಿ ನಾಲ್ವರ ವೇಗವೂ ಒಂದೇ, ಕಚೇರಿಯಲ್ಲಿ ಹಾಗಿರುವುದಿಲ್ಲ. ಮೂರನೆಯವರಿಗೆ ನಾಣ್ಯಕ್ಕೆ ಎರಡು ಸೆಕೆಂಡ್ ಬೇಕು ಎಂದು ಬದಲಿಸಿ ಲೆಕ್ಕ ಹಾಕಿದರೆ, ಒಂದೊಂದೇ ದಾಟಿಸುವ ಸುತ್ತು 23ರಿಂದ 43 ಸೆಕೆಂಡಿಗೆ ಹಿಗ್ಗುತ್ತದೆ. ಅವರ ಮುಂದೆ ನಾಣ್ಯ ರಾಶಿ ಬೀಳುತ್ತದೆ. ಮೊದಲಿಬ್ಬರು ಎಷ್ಟು ಬೇಗ ತಿರುವಿದರೂ ರಾಶಿ ಎತ್ತರವಾಗುತ್ತದೆಯೇ ಹೊರತು ಆಟ ಬೇಗ ಮುಗಿಯುವುದಿಲ್ಲ. ಲೆಕ್ಕಪತ್ರ ವಿಭಾಗದಲ್ಲೂ ಹೀಗೇ ಆಗುತ್ತದೆ. ಮೊದಲ ಮೂರು ಮೇಜು ಖಾಲಿಯಾಗಿ, ಎಲ್ಲ ಬಿಲ್ಲೂ ಮ್ಯಾನೇಜರ್ ಮುಂದೆ ಕೂತರೆ ಬದಲಾದದ್ದು ಬಿಲ್ ಕಾಯುವ ಜಾಗ ಮಾತ್ರ. ಇದನ್ನು ಪತ್ತೆ ಮಾಡುವ ಉಪಾಯ ಸರಳ: ದಿನಾ ಸಂಜೆ ಮೇಜುವಾರು ಎಷ್ಟು ಬಿಲ್ ಇವೆ, ಅವುಗಳಲ್ಲಿ ಅತ್ಯಂತ ಹಳೆಯದು ಯಾವ ದಿನದ್ದು ಎಂದು ಬೋರ್ಡಿನಲ್ಲಿ ಬರೆಯುವುದು. ಸರಾಸರಿ ಎರಡು ದಿನಕ್ಕೆ ಇಳಿದು, ಒಂದು ಬಿಲ್ ಮಾತ್ರ ತಿಂಗಳಿಂದ ಕೂತಿದ್ದರೆ ಅದನ್ನು ಸರಾಸರಿ ಮುಚ್ಚಿಡುತ್ತದೆ, ಹಳೆಯ ತಾರೀಖು ಮುಚ್ಚಿಡುವುದಿಲ್ಲ. ಸಹಿಯ ರಾಶಿಗೆ ಪರಿಹಾರವೂ ಸಾಮಾನ್ಯವಾಗಿ ಮ್ಯಾನೇಜರ್‌ಗೆ ಅವಸರ ಮಾಡುವುದರಲ್ಲಿ ಇರುವುದಿಲ್ಲ. ಪರ್ಚೇಸ್ ಆರ್ಡರ್, ರಸೀದಿ, ಬಿಲ್ ಮೂರೂ ರೂಪಾಯಿ ಪೈಸೆಗೆ ತಾಳೆಯಾದ ಸಣ್ಣ ಮೊತ್ತದ ಬಿಲ್‌ಗಳನ್ನು ಅವರ ಮೇಜಿಗೆ ಕಳಿಸದೆ ಕೆಳಗಿನ ಹಂತದಲ್ಲೇ ಮುಗಿಸುವ ಅಧಿಕಾರ ಕೊಡುವುದರಲ್ಲಿ ಇರುತ್ತದೆ.

ಇಂಥ ತಂಡ ಆರು ತಿಂಗಳ ನಂತರ ತರಬೇತುದಾರರಿಗೆ ಬರೆಯಲು ಕೂತರೆ ಪತ್ರ ಹೀಗಿರಬಹುದು: ‘ಮೇಡಂ, ನೀವು ನಾಣ್ಯದ ಆಟ ಆಡಿಸಿದಾಗ ನಮ್ಮಲ್ಲಿ 240 ಬಿಲ್ ಮಧ್ಯದಲ್ಲಿ ನಿಂತಿದ್ದವು. ಬುಧವಾರದ ಕಂತೆ, ಶುಕ್ರವಾರದ ಕಂತೆ ಎರಡನ್ನೂ ಬಿಟ್ಟೆವು. ಈಗ ಸಾಮಾನ್ಯವಾಗಿ 80ರ ಆಸುಪಾಸು ಇರುತ್ತವೆ. ಪಾವತಿ ಮಾತ್ರ ವಾರಕ್ಕೆ ಎರಡೇ ಸಲ, ಅದನ್ನು ಬದಲಿಸಿಲ್ಲ. ಮೊದಲ ತಿಂಗಳು ಎಲ್ಲವೂ ಸಹಿಗೆ ಹೋಗಿ ರಾಶಿ ಬಿತ್ತು. ಸಣ್ಣ ಮೊತ್ತದ್ದನ್ನು ಬೇರೆ ಮಾಡಿದ ಮೇಲೆ ಸರಿಹೋಯಿತು.’ ‘ಸ್ಫೂರ್ತಿದಾಯಕ’, ‘ಅದ್ಭುತ’ ಎಂಬ ಮಾತುಗಳು ಇದರಲ್ಲಿಲ್ಲ, ಅವುಗಳ ಅಗತ್ಯವೂ ಇಲ್ಲ. ಬದಲಾಗದೆ ಉಳಿದದ್ದನ್ನೂ ಬರೆದಿರುವುದರಿಂದಲೇ ಬದಲಾದದ್ದನ್ನು ನಂಬಬಹುದು.

ಓದಿದ ತರಬೇತುದಾರರಿಗೆ ಇದರಲ್ಲಿ ಮೆಚ್ಚುಗೆಯ ಜೊತೆಗೆ ಮಾಹಿತಿಯೂ ಸಿಗುತ್ತದೆ. ಎಲ್ಲರ ಕೈ ವೇಗವೂ ಒಂದೇ ಇಟ್ಟು ಆಡಿಸಿದ್ದರಿಂದ ಸಹಿಯ ರಾಶಿಯ ಸುಳಿವು ತಂಡಕ್ಕೆ ಮೊದಲೇ ಸಿಕ್ಕಿರಲಿಲ್ಲ. ಮುಂದಿನ ಸಲ ಅವರು ನಾಲ್ಕನೆಯ ಸುತ್ತೊಂದನ್ನು ಸೇರಿಸಬಹುದು. ಅದರಲ್ಲಿ ಮೂರನೆಯ ಕುರ್ಚಿಯವರು ಪ್ರತಿ ನಾಣ್ಯವನ್ನೂ ಎರಡು ಸಲ ತಿರುವಬೇಕು, ಮತ್ತು ಆ ಕುರ್ಚಿಗೆ ವಿಭಾಗದ ಮ್ಯಾನೇಜರ್ ಅವರನ್ನೇ ಕೂರಿಸಬೇಕು.