ಹಿರೇಗುತ್ತಿಯ ಫ್ಯಾನುಗಳು: ಫೋಟೋದಲ್ಲಿ ಗುರುತು ಹಿಡಿಯುವ ಬಗೆ

ಮಳೆ ಹಿಡಿದ ಮೇಲೆ ಹಿರೇಗುತ್ತಿಯ ರಿಪೇರಿ ಹುಡುಗನ ಮೊಬೈಲಿಗೆ ಬರುವ ಫೋಟೋಗಳಲ್ಲಿ ಫ್ಯಾನುಗಳದ್ದೇ ದೊಡ್ಡ ಪಾಲು. ಒಂದು ಕಡೆ ಅಘನಾಶಿನಿಯ ಅಳಿವೆ ಮತ್ತು ಗಜನಿ ಗದ್ದೆ, ಇನ್ನೊಂದು ಕಡೆ ಸಾಣಿಕಟ್ಟಾದ ಉಪ್ಪಿನಾಗರ. ಈ ನಡುವೆ ಬೀಸುವ ಗಾಳಿಯ ಉಪ್ಪುಪಸೆ ಮನೆಯೊಳಗಿನ ಅಲ್ಯೂಮಿನಿಯಂ ರೆಕ್ಕೆಯ ಅಂಚಿನಲ್ಲೂ ಬಿಳಿ ಬೂಷ್ಟಿನಂತೆ ಕೂರುತ್ತದೆ. ಫೋಟೋದ ಕೆಳಗೆ ಬರೆದಿರುವುದು ಸಾಮಾನ್ಯವಾಗಿ ಒಂದೇ ಸಾಲು: 'ಫ್ಯಾನು ತಿರುಗುವುದಿಲ್ಲ, ಕಂಡೆನ್ಸರ್ ತೆಗೆದುಕೊಂಡು ಬಾ.' ಯಾವ ಫ್ಯಾನು, ಯಾವ ಕಂಡೆನ್ಸರ್ ಎಂಬುದನ್ನು ಚಿತ್ರ ನೋಡಿಯೇ ತಿಳಿಯಬೇಕು. ಅವನ ಅಂಗಡಿಯಲ್ಲಿ ಕೂತು ಇಂಥ ಚಿತ್ರಗಳನ್ನು ನೋಡುತ್ತ ಬರೆದುಕೊಂಡ ಟಿಪ್ಪಣಿಗಳಿವು.

ಮೊದಲು ನೋಡಬೇಕಾದ್ದು ರೆಕ್ಕೆಯನ್ನಲ್ಲ, ಯಾವ ಭಾಗ ತಿರುಗುತ್ತದೆ, ಯಾವುದು ನಿಂತೇ ಇರುತ್ತದೆ ಎಂಬುದನ್ನು. ಸೀಲಿಂಗ್ ಫ್ಯಾನಿನಲ್ಲಿ ಸರಳು ಮತ್ತು ಒಳಗಿನ ಸುರುಳಿ ನಿಂತಿರುತ್ತವೆ. ಹೊರಗಿನ ಹೊಟ್ಟೆಯೇ ತಿರುಗುತ್ತದೆ, ರೆಕ್ಕೆಗಳನ್ನು ಆ ಹೊಟ್ಟೆಗೇ ತಿರುಪು ಹಾಕಿ ಕೂರಿಸಿರುತ್ತಾರೆ. ಪೆಡೆಸ್ಟಲ್ ಮತ್ತು ಎಕ್ಸಾಸ್ಟ್ ಫ್ಯಾನುಗಳಲ್ಲಿ ಇದು ಉಲ್ಟಾ: ಮೋಟಾರಿನ ಮೈ ಅಲುಗಾಡದು, ಅದರಿಂದ ಹೊರಬಂದ ದಂಡದ ತುದಿಯಲ್ಲಿ ರೆಕ್ಕೆ ತಿರುಗುತ್ತದೆ. ಅಡುಗೆಮನೆಯ ಮಾಡಿಗೆ ನೇತುಹಾಕಿದ ಪುಟ್ಟ ಸೀಲಿಂಗ್ ಫ್ಯಾನನ್ನು ಕೆಳಗಿನಿಂದ ತೆಗೆದಾಗ ಸರಳು ಚಿತ್ರದಲ್ಲಿ ಕಾಣದಿದ್ದರೂ, ಹೊಟ್ಟೆಗೆ ಅಂಟಿದ ರೆಕ್ಕೆ ಕಂಡರೆ ಸಾಕು, ಅದು ಬೇರೆ ಆಗಲು ಸಾಧ್ಯವಿಲ್ಲ.

ಗೊಂದಲ ಹೆಚ್ಚು ಆಗುವುದು ಉಳಿದ ಎರಡರ ನಡುವೆ. ಪೆಡೆಸ್ಟಲ್ ಫ್ಯಾನಿನ ಕಂಬ ತುಕ್ಕು ಹಿಡಿದು ಮುರಿದ ಮೇಲೂ ಅದರ ತಲೆಯನ್ನು ಯಾರೂ ಎಸೆಯುವುದಿಲ್ಲ. ಕಿಟಕಿಯ ಸರಳಿಗೆ ಕಟ್ಟಿ ಓಡಿಸುತ್ತಾರೆ. ಆಗ ಫೋಟೋದಲ್ಲಿ ಅದು ಎಕ್ಸಾಸ್ಟ್‌ನಂತೆಯೇ ಕಾಣುತ್ತದೆ. ಬೇರ್ಪಡಿಸುವ ಗುರುತು ತಂತಿಬಲೆ. ಪೆಡೆಸ್ಟಲ್‌ಗೆ ಹಿಂದೆ ಮುಂದೆ ಎರಡೂ ಕಡೆ ಬಲೆ ಇರುತ್ತದೆ, ಮೋಟಾರಿನ ಮೇಲೆ ತಲೆ ಅತ್ತಿತ್ತ ಆಡಿಸುವ ಒಂದು ಗುಬುಟು ಇರುತ್ತದೆ. ಎಕ್ಸಾಸ್ಟ್‌ನ ಸುತ್ತ ಲೋಹದ ಅಗಲ ಬಳೆ, ಆ ಬಳೆಯಿಂದ ಹೊರಟ ಮೂರೋ ನಾಲ್ಕೋ ತೋಳುಗಳ ಮೇಲೆ ಮೋಟಾರು, ಗಿಡ್ಡ ಅಗಲ ರೆಕ್ಕೆಗಳು. ಹಗಲು ತೆಗೆದ ಫೋಟೋದಲ್ಲಾದರೆ ರೆಕ್ಕೆಗಳ ಸಂದಿಯಿಂದ ಹೊರಗಿನ ಬೆಳಕು ಬರುತ್ತದೆ, ಏಕೆಂದರೆ ಅದರ ಹಿಂದೆ ಇರುವುದು ಗೋಡೆಯ ತೂತು. ಸೌದೆ ಒಲೆಯ ಮನೆಯಲ್ಲಿ ಬಳೆಯ ಒಳಮೈ ಮಸಿಯ ಜಿಡ್ಡಿನಿಂದ ಕಪ್ಪಾಗಿರುತ್ತದೆ.

ಅಳತೆಯೂ ನೆರವಿಗೆ ಬರುತ್ತದೆ. ಮನೆಯ ಸಾಮಾನ್ಯ ಸೀಲಿಂಗ್ ಫ್ಯಾನಿನ ವಿಸ್ತಾರ 1200 ಮಿಲಿಮೀಟರ್, ಅಂದರೆ 48 ಇಂಚು. ಪೆಡೆಸ್ಟಲ್‌ದು ಹೆಚ್ಚಾಗಿ 400 ಮಿಲಿಮೀಟರ್. ಮನೆ ಬಳಕೆಯ ಲೋಹದ ಎಕ್ಸಾಸ್ಟ್‌ದು 225 ಅಥವಾ 300. ಪಕ್ಕದಲ್ಲಿ ಕಿಟಕಿಯ ಸರಳೋ ಸ್ವಿಚ್ ಬೋರ್ಡೋ ಇದ್ದರೆ ಅಂದಾಜು ಸಿಗುತ್ತದೆ. ಅನುಮಾನವೇ ಬೇಡವೆಂದರೆ ಮೈಮೇಲಿನ ಚೀಟಿ ಓದಬೇಕು: ಐಎಸ್ 374 ಎಂದಿದ್ದರೆ ಸೀಲಿಂಗ್, 1169 ಪೆಡೆಸ್ಟಲ್, 2312 ಎಕ್ಸಾಸ್ಟ್. ಇವು ಆಯಾ ಜಾತಿಗೆ ಭಾರತೀಯ ಮಾನಕ ಸಂಸ್ಥೆ ಕೊಟ್ಟ ಸಂಖ್ಯೆಗಳು.

ಓಡುತ್ತಿರುವ ಫ್ಯಾನಿನ ಫೋಟೋವನ್ನು ನಂಬಬಾರದು. ಮೊಬೈಲಿನ ಕ್ಯಾಮೆರಾ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ, ಸಾಲುಸಾಲಾಗಿ ಓದುತ್ತ ಹೋಗುತ್ತದೆ. ಅಷ್ಟರಲ್ಲಿ ರೆಕ್ಕೆ ಜಾಗ ಬದಲಿಸಿರುತ್ತದೆ. ಹಾಗಾಗಿ ಬೆಳಕಿರುವಾಗ ತೆಗೆದ ಚಿತ್ರದಲ್ಲಿ ನೆಟ್ಟಗಿನ ರೆಕ್ಕೆ ಕುಡುಗೋಲಿನಂತೆ ಬಾಗಿರುತ್ತದೆ, ಒಂದು ಗಿಡ್ಡ, ಒಂದು ಉದ್ದ. 'ರೆಕ್ಕೆ ಸೊಟ್ಟಗಾಗಿದೆ' ಎಂಬ ದೂರಿನ ಜೊತೆ ಬರುವ ಎಷ್ಟೋ ಚಿತ್ರಗಳಲ್ಲಿ ಸೊಟ್ಟಗಿರುವುದು ಚಿತ್ರ ಮಾತ್ರ. ಫ್ಯಾನು ನಿಲ್ಲಿಸಿ ಮತ್ತೊಮ್ಮೆ ತೆಗೆಯಲು ಹೇಳುವುದೇ ಸರಿ.

ಇನ್ನು ಕಂಡೆನ್ಸರ್. ಅದು ಕಾಣಬೇಕಾದರೆ ಎಲ್ಲಿ ಅಡಗಿದೆ ಎಂದು ತಿಳಿದಿರಬೇಕು. ಸೀಲಿಂಗ್ ಫ್ಯಾನಿನಲ್ಲಿ ಅದು ಸಾಮಾನ್ಯವಾಗಿ ಸರಳಿನ ಕೆಳತುದಿಯಲ್ಲಿ, ಮೋಟಾರಿನ ಮೇಲಿನ ಬಟ್ಟಲಿನೊಳಗೆ ಇರುತ್ತದೆ. ಆ ಬಟ್ಟಲನ್ನು ಮೇಲೆ ಸರಿಸಿದರೆ ಎರಡು ವೈರಿನ ಬಿಳಿಯ ಅಥವಾ ಬೂದು ಬಣ್ಣದ ಉರುಟು ಡಬ್ಬಿ ಕಾಣುತ್ತದೆ. ಕೆಲವೊಮ್ಮೆ ಅದರ ಪಕ್ಕದಲ್ಲೇ ಕಣಜ ಕಟ್ಟಿದ ಮಣ್ಣಿನ ಗೂಡೂ ಇರುತ್ತದೆ. ಪೆಡೆಸ್ಟಲ್‌ನಲ್ಲಿ ಅದು ಮೋಟಾರಿನ ಹಿಂಬದಿಯ ಮುಚ್ಚಳದಲ್ಲೋ ಗುಂಡಿಗಳಿರುವ ಪೆಟ್ಟಿಗೆಯಲ್ಲೋ ಇರುತ್ತದೆ. ಎಕ್ಸಾಸ್ಟ್‌ನಲ್ಲಿ ಮೋಟಾರಿನ ಪಕ್ಕಕ್ಕೆ ಕಟ್ಟಿರುವುದುಂಟು. ಕೆಲವು ಸಣ್ಣ ಎಕ್ಸಾಸ್ಟ್‌ಗಳಲ್ಲಿ ಕಂಡೆನ್ಸರೇ ಇರದು. ಅಲ್ಲಿ ಕಬ್ಬಿಣದ ಧ್ರುವದ ಮೂಲೆಗೆ ತೊಡಿಸಿದ ದಪ್ಪ ತಾಮ್ರದ ಉಂಗುರ ಕಾಣುತ್ತದೆ. ಆ ಉಂಗುರ ಕಂಡರೆ ಕಂಡೆನ್ಸರ್ ಹುಡುಕುವುದನ್ನು ಬಿಡಬಹುದು. ರಿಮೋಟ್‌ನಿಂದ ಓಡುವ ಬಿಎಲ್‌ಡಿಸಿ ಸೀಲಿಂಗ್ ಫ್ಯಾನಿಗೂ ಇಂಥ ಎರಡು ವೈರಿನ ಡಬ್ಬಿ ಇಲ್ಲ. ಚೀಟಿಯ ಮೇಲೆ 75ರ ಬದಲು 28ರಿಂದ 35 ವ್ಯಾಟ್ ಎಂದಿರುವುದು ಅದರ ಗುರುತು.

ಡಬ್ಬಿಯ ಮೇಲಿನ ಬರಹದಲ್ಲಿ ಮೂರು ಸಂಗತಿ ಮುಖ್ಯ. ಒಂದು, ಅಳತೆ: ಸೀಲಿಂಗ್ ಫ್ಯಾನಿಗೆ ಹೆಚ್ಚಾಗಿ 2.25 ಅಥವಾ 2.5 ಮೈಕ್ರೋಫ್ಯಾರಡ್, ಕೆಲವದಕ್ಕೆ 3.15. ಮಸುಕಾದ ಫೋಟೋದಲ್ಲಿ ನಡುವಿನ ಚುಕ್ಕೆ ಮಾಯವಾಗಿ 2.5 ಎಂಬುದು 25 ಆಗಿ ಕಾಣುತ್ತದೆ. 25 ಎಂದರೆ ಬಾವಿಯ ಪಂಪಿನ ಅಳತೆ, ಮನೆಯ ಫ್ಯಾನಿನದಲ್ಲ. ಎರಡು, ವೋಲ್ಟೇಜ್: ಮನೆಗೆ ಬರುವುದು 230 ಆದರೂ ಇಲ್ಲಿ 440 ಎಂದು ಬರೆದಿರುತ್ತದೆ, ಏಕೆಂದರೆ ಓಡುವ ಮೋಟಾರಿನಲ್ಲಿ ಕಂಡೆನ್ಸರಿನ ಎರಡು ತುದಿಗಳ ನಡುವೆ ಮನೆಯ ವೋಲ್ಟೇಜಿಗಿಂತ ಹೆಚ್ಚೇ ಬೀಳುತ್ತದೆ. ಮೂರು, 25/85/21 ಎಂಬಂಥ ಸಾಲು. ಮೈನಸ್ 25ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುತ್ತದೆ, ತೇವದ ಬಿಸಿಯಲ್ಲಿ 21 ದಿನದ ಪರೀಕ್ಷೆ ಪಾಸಾಗಿದೆ ಎಂದು ಅದರ ಅರ್ಥ. ನಮ್ಮ ಕರಾವಳಿಯ ಮಳೆಗಾಲ ನಾಲ್ಕು ತಿಂಗಳು, ಅದೂ ಪ್ರತಿವರ್ಷ.

ರೆಗ್ಯುಲೇಟರ್‌ಗಳಲ್ಲಿ ಮೂರು ಬಗೆ. ಅಂಗೈಯಗಲದ ಪೆಟ್ಟಿಗೆ, ಮೈತುಂಬ ಗಾಳಿ ಸೀಳುಗಳು, ಐದು ಗುರುತು: ಇದು ಒಳಗೆ ತಂತಿ ಸುತ್ತಿದ ಹಳೆಯ ರೆಸಿಸ್ಟೆನ್ಸ್ ಬಗೆ. ನಿಧಾನದ ಗುರುತಿನಲ್ಲಿ ಇಟ್ಟರೆ ಪೆಟ್ಟಿಗೆ ಬಿಸಿಯಾಗುತ್ತದೆ. ಎರಡನೆಯದು ಸ್ವಿಚ್ಚಿನ ಸಾಲಿನಲ್ಲೇ ಕೂರುವ ಸಣ್ಣದು, ತಿರುಗಿಸಿದರೆ ಎಲ್ಲೂ ತಡೆಯದೆ ಜಾರುತ್ತದೆ. ಸಂಖ್ಯೆಯ ಬದಲು ತೆಳುವಿನಿಂದ ದಪ್ಪಕ್ಕೆ ಹೋಗುವ ಕಮಾನು ಬರೆದಿರುತ್ತದೆ. ಇದು ಟ್ರಯಾಕ್ ಬಗೆ. ನಿಧಾನಕ್ಕೆ ಇಳಿಸಿದಾಗ ಫ್ಯಾನು ಗುಂಯ್‌ಗುಡುವುದು ಇದರ ಸ್ವಭಾವ. ಮೂರನೆಯದೂ ಅಷ್ಟೇ ಸಣ್ಣದು, ಆದರೆ 0, 1, 2, 3, 4 ಎಂದು ಹೆಜ್ಜೆಹೆಜ್ಜೆಗೆ ಟಕ್ ಎನ್ನುತ್ತದೆ. ಇದರೊಳಗೆ ಇರುವುದು ಮತ್ತೆ ಕಂಡೆನ್ಸರೇ. ಕಷ್ಟವೆಂದರೆ ಕೆಲವು ಟ್ರಯಾಕ್ ಗುಬುಟುಗಳ ಮೇಲೂ ಸಂಖ್ಯೆ ಬರೆದಿರುತ್ತಾರೆ. ಟಕ್ ಎಂಬ ಸದ್ದು ಫೋಟೋದಲ್ಲಿ ಕೇಳುವುದಿಲ್ಲ. ಅಂಥಲ್ಲಿ ತಿರುಗಿಸುವ ಒಂದು ಸಣ್ಣ ವಿಡಿಯೋ ಬೇಕು.

ಈ ಮೂರನೆಯ ಬಗೆಯದೇ ಒಂದು ಪ್ರಕರಣ. ಗಜನಿಯ ಬದಿಯ ಮನೆಯೊಂದರಿಂದ ಎರಡು ಚಿತ್ರ ಬಂದವು. ಒಂದರಲ್ಲಿ ಹೆಂಚಿನ ಮಾಡಿನ ತೊಲೆಯಿಂದ ಉದ್ದ ಸರಳಿನಲ್ಲಿ ಇಳಿಬಿದ್ದ ಮೂರು ರೆಕ್ಕೆಯ ಸೀಲಿಂಗ್ ಫ್ಯಾನು, ಇನ್ನೊಂದರಲ್ಲಿ 4ರವರೆಗೆ ಸಂಖ್ಯೆಯಿರುವ ರೆಗ್ಯುಲೇಟರ್. ಕೆಳಗೆ ಒಂದೇ ಸಾಲು, 'ಕಂಡೆನ್ಸರ್ ಹೋಗಿದೆ.' ಹುಡುಗ ಫೋನು ಮಾಡಿ ಕೇಳಿದ: "ಅಮ್ಮಾ, ಒಂದೊಂದೇ ನಂಬರಿಗೆ ತಿರುಗಿಸಿ, ಹೇಗೆ ಓಡ್ತದೆ ಹೇಳಿ." ಆಚೆಯಿಂದ ಉತ್ತರ ಬಂತು: "ಒಂದರಲ್ಲಿ ಅಲ್ಲಾಡೂದೇ ಇಲ್ಲ ತಮ್ಮಾ. ಎರಡರಲ್ಲೂ ಮೂರರಲ್ಲೂ ಒಂದೇ ಸಮ. ನಾಲ್ಕರಲ್ಲಿ ಜೋರು ಓಡ್ತದೆ."

ಈ ಮಾತಿನಲ್ಲಿ ರೋಗದ ಜಾಗ ಪೂರ್ತಿ ಇದೆ. ಇಂಥ ರೆಗ್ಯುಲೇಟರಿನಲ್ಲಿ ಸಾಮಾನ್ಯವಾಗಿ 2.2 ಮತ್ತು 3.3 ಮೈಕ್ರೋಫ್ಯಾರಡ್‌ನ ಎರಡು ಕಂಡೆನ್ಸರ್‌ಗಳು ಒಂದೇ ಡಬ್ಬಿಯಲ್ಲಿರುತ್ತವೆ. 1ರಲ್ಲಿ ಫ್ಯಾನಿಗೆ ಹೋಗುವ ಕರೆಂಟು 2.2ರ ಮೂಲಕ, 2ರಲ್ಲಿ 3.3ರ ಮೂಲಕ, 3ರಲ್ಲಿ ಎರಡೂ ಸೇರಿ 5.5ರ ಮೂಲಕ ಹಾಯುತ್ತದೆ. 4ರಲ್ಲಿ ಯಾವುದರ ಮೂಲಕವೂ ಅಲ್ಲ, ನೇರ. 2.2 ಸತ್ತರೆ 1 ನಿಲ್ಲುತ್ತದೆ, 3ರಲ್ಲಿ ಉಳಿಯುವುದು 3.3 ಒಂದೇ ಆದ್ದರಿಂದ ಅದು 2ರಂತೆಯೇ ಓಡುತ್ತದೆ. ಫ್ಯಾನಿನ ತಲೆಯ ಕಂಡೆನ್ಸರ್ ಸೋತಿದ್ದರೆ ಹೀಗಾಗುತ್ತಿರಲಿಲ್ಲ. ಆಗ 4ರಲ್ಲೂ ಫ್ಯಾನು ಮಂದವಾಗುತ್ತಿತ್ತು, ಅಥವಾ ಗುಂಯ್ ಎಂದು ನಿಂತು, ಯಾರಾದರೂ ಕೋಲಿನಿಂದ ತಳ್ಳಿದರೆ ತಳ್ಳಿದ ದಿಕ್ಕಿಗೆ ಓಡುತ್ತಿತ್ತು. ಟ್ರಯಾಕ್ ಬಗೆಯದಾಗಿದ್ದು ಅದು ಶಾರ್ಟ್ ಆಗಿದ್ದರೆ ಎಲ್ಲ ಗುರುತಿನಲ್ಲೂ ಪೂರ್ತಿ ವೇಗ ಇರುತ್ತಿತ್ತು.

ರೆಗ್ಯುಲೇಟರ್ ಬಿಚ್ಚಿದಾಗ ಡಬ್ಬಿಯ ಒಂದು ಬದಿ ಉಬ್ಬಿತ್ತು, ಮೂರು ವೈರುಗಳಲ್ಲಿ ಒಂದರ ಬುಡ ಹಸಿರುಗಟ್ಟಿತ್ತು. ಫೋಟೋದಲ್ಲಿ ಇವೆರಡೂ ಕಾಣದಿದ್ದರೂ ಡಬ್ಬಿಯ ಜಾತಿ ಹೇಳುವ ಗುರುತುಗಳಿವೆ: ರೆಗ್ಯುಲೇಟರಿನದಕ್ಕೆ ಮೂರು ವೈರು, 250 ವೋಲ್ಟ್. ಮೋಟಾರಿನದಕ್ಕೆ ಎರಡು ವೈರು, 440 ವೋಲ್ಟ್. ರೆಗ್ಯುಲೇಟರಿನದನ್ನು ಮೋಟಾರಿನದರ ಜಾಗಕ್ಕೆ ಹಾಕಿದರೆ ಬಾಳುವುದಿಲ್ಲ. ಹಾಗೆಯೇ ವೇಗ ಹೆಚ್ಚಲಿ ಎಂದು 2.5 ಇದ್ದಲ್ಲಿ 3.15 ಹಾಕುವವರಿದ್ದಾರೆ. ಸುರುಳಿ ಬಿಸಿಯಾಗಿ ಸುಟ್ಟ ವಾಸನೆ ಬರುವುದು ಅದರ ಫಲ.

ಹುಡುಗ ಈಗ ಕೇಳುವುದು ನಾಲ್ಕು: ನಿಂತ ಫ್ಯಾನಿನ ಪೂರ್ತಿ ಚಿತ್ರ, ಚೀಟಿಯ ಹತ್ತಿರದ ಚಿತ್ರ, ರೆಗ್ಯುಲೇಟರಿನ ಮುಖ, ಗುಬುಟು ತಿರುಗಿಸುವಾಗಿನ ವಿಡಿಯೋ. ಬಟ್ಟಲು ಸರಿಸಿ ಕಂಡೆನ್ಸರಿನ ಫೋಟೋ ತೆಗೆಯಲು ಮನೆಯವರಿಗೆ ಹೇಳುವುದಿಲ್ಲ. ಅದನ್ನು ತಾನೇ ಹೋಗಿ, ಗೋಡೆಯ ಸ್ವಿಚ್ಚನ್ನು ನಂಬದೆ ಮೇನ್ ಇಳಿಸಿ ತೆಗೆಯುತ್ತಾನೆ. ವೈರಿಂಗ್ ತಿರುವುಮುರುವಾಗಿರುವ ಮನೆಯಲ್ಲಿ ಸ್ವಿಚ್ ಆಫ್ ಇದ್ದರೂ ಮೇಲೆ ಕರೆಂಟು ಇರುತ್ತದೆ. ಆಮೇಲೆ ಮೀಟರ್ ಹಿಡಿಯುತ್ತಾನೆ. 2.5ರ ಡಬ್ಬಿ ಶೇಕಡಾ 5ರ ಏರುಪೇರಿನಲ್ಲಿ ಸುಮಾರು 2.38ರಿಂದ 2.62ರವರೆಗೆ ತೋರಿಸಬೇಕು. 1.6 ತೋರಿಸುವ ಡಬ್ಬಿ ಹೊರಗಿನಿಂದ ಹೊಸದರಂತೆಯೇ ಹೊಳೆಯುತ್ತಿರಬಹುದು, ಅದರ ಮೇಲೆ 2.5 ಎಂದೇ ಅಚ್ಚಾಗಿರುತ್ತದೆ. ಫೋಟೋದಿಂದ ಜಾತಿ ತಿಳಿಯುತ್ತದೆ, ವಯಸ್ಸು ತಿಳಿಯುವುದಿಲ್ಲ.